ಬೆಳ್ಳಕ್ಕಿ, ಕ್ಲೀನರ್ ಮೀನು, ಲಾಡಿಹುಳು: ಲಾಭ ಯಾರಿಗೆ, ನಷ್ಟ ಯಾರಿಗೆ?

ಪ್ರಶ್ನೆ: ಸರ್, ನಾನು ಶಹಾಪುರದಾಗ ದ್ವಿತೀಯ ಪಿಯುಸಿ ಓದ್ತೀನಿ. ಎಮ್ಮಿ ಮ್ಯಾಲೆ ಕುಂದ್ರೋ ಬೆಳ್ಳಕ್ಕಿ ಕಮೆನ್ಸಲಿಸಂ ಅಂತ ಪುಸ್ತಕದಾಗ ಅದ. ನಮ್ಮ ಮುತ್ಯಾ ಮಾತ್ರ ಅದು ಉಣ್ಣಿ ತಿಂದು ಎಮ್ಮಿಗೆ ಉಪಕಾರ ಮಾಡ್ತದ ಅಂತಾನ. ಹಂಗಾದ್ರ ಕ್ಲೀನರ್ ಮೀನಿನಂಗ ಅದೂ ಮ್ಯೂಚುವಲಿಸಂ ಆಗಬೇಕಲ್ರಿ? ಇನ್ನೊಂದು, ನಮ್ಮ ನಾಯಿ ಹೊಟ್ಟ್ಯಾಗ ಲಾಡಿಹುಳು ಅದ, ಆದ್ರೂ ಆರಾಮಾಗೇ ಅದ. ಮತ್ತ ಅದಕ್ಕ ಪ್ಯಾರಸೈಟ್ ಅಂತ ಯಾಕ ಅನ್ನಬೇಕು?

ಉತ್ತರ: ಪರೀಕ್ಷೆಯಲ್ಲಿ ಬೆಳ್ಳಕ್ಕಿಯ ಪ್ರಶ್ನೆ ಬಂದರೆ ಕಮೆನ್ಸಲಿಸಂ ಎಂದೇ ಬರೆಯಿರಿ, ಪುಸ್ತಕ ಸರಿ ಇದೆ. ಆದರೆ ನಿಮ್ಮ ಮುತ್ಯಾ ಹೇಳಿದ್ದನ್ನು ಸುಮ್ನೆ ತಳ್ಳಿಹಾಕಬೇಡಿ. ದನದ ಮೈಮೇಲೆ ಉಣ್ಣಿ ಹೆಕ್ಕುವ ಹಕ್ಕಿಗಳು ನಮ್ಮ ಕಡೆ ಇವೆ. ಅವರು ನೋಡಿದ್ದು ಬಹುಶಃ ಅಂಥ ಬೇರೊಂದು ಹಕ್ಕಿ ಇರಬಹುದು. ಆ ವಿಷಯಕ್ಕೆ ಬರುತ್ತೇನೆ.

ಈ ಮೂರು ಹೆಸರುಗಳಲ್ಲಿ ಒಂದು ಮಾತು ಸಮಾನ: ಜೊತೆಗೆ ಬದುಕುವ ಎರಡು ಜೀವಿಗಳಲ್ಲಿ ಒಂದಕ್ಕೆ ಲಾಭ ಇದ್ದೇ ಇರುತ್ತದೆ. ಇನ್ನೊಂದರ ಗತಿ ಏನು ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಅದಕ್ಕೂ ಲಾಭವಾದರೆ ಮ್ಯೂಚುವಲಿಸಂ. ಲಾಭವೂ ಇಲ್ಲ, ನಷ್ಟವೂ ಇಲ್ಲದಿದ್ದರೆ ಕಮೆನ್ಸಲಿಸಂ. ನಷ್ಟವಾದರೆ ಪ್ಯಾರಸೈಟಿಸಂ, ಅಂದರೆ ಪರಾವಲಂಬನೆ. ಬಾಯಿಪಾಠಕ್ಕೆ ಇಷ್ಟು ಸಾಕು. ಕಷ್ಟ ಇರುವುದು ಆ ಇನ್ನೊಂದು ಜೀವಿಗೆ ನಿಜಕ್ಕೂ ಏನಾಗುತ್ತಿದೆ ಎಂದು ಪತ್ತೆ ಮಾಡುವುದರಲ್ಲಿ. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ನಂಬಬಹುದಾದ ದಾರಿ ಒಂದೇ: ಲಾಭ ಪಡೆಯುವ ಜೀವಿಯನ್ನು ಸ್ವಲ್ಪ ಕಾಲ ದೂರ ಇಟ್ಟು, ಉಳಿದದ್ದಕ್ಕೆ ಒಳ್ಳೆಯದಾಯಿತೋ, ಕೆಟ್ಟದಾಯಿತೋ, ಏನೂ ಆಗಲಿಲ್ಲವೋ ಎಂದು ನೋಡುವುದು. ನಿಮ್ಮ ಮೂರೂ ಪ್ರಾಣಿಗಳನ್ನು ಇದೇ ದಾರಿಯಲ್ಲಿ ನೋಡೋಣ.

ದನದ ಜೊತೆ ಓಡಾಡುವ ಬೆಳ್ಳಕ್ಕಿಗೆ ಗೋವಕ್ಕಿ ಎಂಬ ಹೆಸರಿದೆ. ಅದರ ಕೊಕ್ಕು ಹಳದಿ. ಮರಿ ಮಾಡುವ ಕಾಲದಲ್ಲಿ ತಲೆ, ಕುತ್ತಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೆರೆಯಂಚಿನ ನೀರಿನಲ್ಲಿ ಮೀನಿಗೆ ಹೊಂಚುವ ಕಪ್ಪು ಕೊಕ್ಕಿನ ಸಣ್ಣ ಬೆಳ್ಳಕ್ಕಿಯೇ ಬೇರೆ, ಅದಕ್ಕೂ ಎಮ್ಮೆಗೂ ಸಂಬಂಧ ಇಲ್ಲ. ಎಮ್ಮೆ ಹುಲ್ಲಿನಲ್ಲಿ ಹೆಜ್ಜೆ ಇಟ್ಟಾಗ ಅಡಗಿದ್ದ ಮಿಡತೆ, ಜೀರುಂಡೆ, ಜೇಡ, ಪುಟ್ಟ ಕಪ್ಪೆಗಳು ಹೊರಗೆ ಹಾರುತ್ತವೆ. ಗೋವಕ್ಕಿ ಅದರ ಕಾಲ ಬಳಿಯೇ ನಡೆಯುತ್ತಾ ಅವುಗಳನ್ನು ಹಿಡಿಯುತ್ತದೆ. ಒಂಟಿಯಾಗಿ ಮೇಯುವ ಗೋವಕ್ಕಿಗಿಂತ ದನದ ಜೊತೆ ಇರುವ ಗೋವಕ್ಕಿಗೆ ಕಡಿಮೆ ಹೆಜ್ಜೆಗೆ ಹೆಚ್ಚು ಹುಳು ಸಿಗುತ್ತದೆ ಎಂದು 1965ರಲ್ಲೇ ಎಣಿಸಿ ತೋರಿಸಿದ್ದಾರೆ. ಹಕ್ಕಿಗೆ ಲಾಭ ಎಂಬುದರಲ್ಲಿ ಹಾಗಾಗಿ ಅನುಮಾನ ಬೇಡ.

ಎಮ್ಮೆಗೆ? ಗೋವಕ್ಕಿಯ ಹೊಟ್ಟೆಯಲ್ಲಿ ಏನಿದೆ ಎಂದು ಪರೀಕ್ಷಿಸಿದ ಬಹಳ ಕಡೆ ಮಿಡತೆ ಜಾತಿಯ ಹುಳುಗಳದೇ ದೊಡ್ಡ ಪಾಲು. ಉಣ್ಣಿ ಸಿಕ್ಕರೂ ತೀರಾ ಕಡಿಮೆ. ಹಕ್ಕಿ ಎಮ್ಮೆಯ ಬೆನ್ನೇರುವುದು ಮುಖ್ಯವಾಗಿ ನಾಲ್ಕೂ ಕಡೆ ನೋಡಲು, ಕೂತು ದಣಿವಾರಿಸಿಕೊಳ್ಳಲು. ಉಣ್ಣಿಗಳಿಗೆ ಇಷ್ಟವಾದ ಜಾಗವೂ ಬೆನ್ನಲ್ಲ. ಕಿವಿಯ ಒಳಗೆ, ಗಂಗೆದೊಗಲಿನಲ್ಲಿ, ಕೆಚ್ಚಲ ಸುತ್ತ, ಬಾಲದ ಬುಡದಲ್ಲಿ, ತೊಡೆಸಂದಿಯಲ್ಲಿ ಅವು ಗುಂಪಾಗಿ ಕಚ್ಚಿಕೊಂಡಿರುತ್ತವೆ. ಬೆನ್ನ ಮೇಲೆ ನಿಂತ ಹಕ್ಕಿಗೆ ಈ ಜಾಗಗಳು ಸುಲಭಕ್ಕೆ ಸಿಗುವುದಿಲ್ಲ.

ಎಮ್ಮೆಯನ್ನೇ ಲೆಕ್ಕದಿಂದ ತೆಗೆದು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ತೊಗರಿ ಕಟಾವಾದ ಮೇಲೆ ಟ್ರ್ಯಾಕ್ಟರ್ ಹೊಲಕ್ಕಿಳಿದರೆ ಅದರ ಹಿಂದೆ ಗೋವಕ್ಕಿಗಳ ಹಿಂಡೇ ಬರುತ್ತದೆ, ನೀವೂ ನೋಡಿರುತ್ತೀರಿ. ಟ್ರ್ಯಾಕ್ಟರ್‌ಗೆ ಉಣ್ಣಿ ಇಲ್ಲ. ನೇಗಿಲು ಕಪ್ಪು ಮಣ್ಣನ್ನು ಮಗುಚಿದಾಗ ಹುಳು ಹೊರಬೀಳುತ್ತದೆ, ಅಷ್ಟೇ ಅದಕ್ಕೆ ಬೇಕಾದದ್ದು. ಹುಲ್ಲು ಅಲುಗಿಸುವವರು ಯಾರಾದರೂ ಗೋವಕ್ಕಿಗೆ ನಡೆಯುತ್ತದೆ.

ಇದನ್ನು ನಿಮ್ಮೂರಿನಲ್ಲೇ ನೀವು ಪರೀಕ್ಷಿಸಬಹುದು. ಬೆಳಿಗ್ಗೆ ಮೇಯುವ ಹೊತ್ತಿನಲ್ಲಿ ಒಂದೇ ಹಕ್ಕಿಯ ಮೇಲೆ ಕಣ್ಣಿಟ್ಟು ಹತ್ತು ನಿಮಿಷ ನೋಡಿ. ಅದು ಪ್ರತಿ ಸಲ ಕುಕ್ಕಿದಾಗ ನೆಲಕ್ಕೋ, ಗಾಳಿಯಲ್ಲಿ ಹಾರುವ ನೊಣಕ್ಕೋ, ಎಮ್ಮೆಯ ಚರ್ಮಕ್ಕೋ ಎಂದು ಮೂರು ಸಾಲಿನಲ್ಲಿ ಗೆರೆ ಎಳೆಯಿರಿ. ಮಾತಿಗೆ 40 ಕುಕ್ಕು ಆಯಿತು ಅನ್ನಿ. ಅದರಲ್ಲಿ 36 ನೆಲಕ್ಕೆ, 3 ನೊಣಕ್ಕೆ, 1 ಚರ್ಮಕ್ಕೆ ಬಂದರೆ ಎಮ್ಮೆಗೆ ಹೇಳಿಕೊಳ್ಳುವಂಥ ಉಪಕಾರ ಇಲ್ಲ. ಅದೇ 25 ಕುಕ್ಕು ಚರ್ಮಕ್ಕೇ ಬಂದರೆ ವಿಷಯ ಬೇರೆ. ಆಗ ಹಕ್ಕಿ ಏನನ್ನು ಕಿತ್ತಿತು ಎಂದು ಹತ್ತಿರದಿಂದ ನೋಡಬೇಕು. ಮಲಗಿ ಮೆಲುಕು ಹಾಕುವ ಎಮ್ಮೆಯ ಬಳಿ ಎಣಿಸಬೇಡಿ. ಅದು ಹುಲ್ಲು ಅಲುಗಿಸುವುದಿಲ್ಲ, ಆಗ ಮುಖದ ಮೇಲಿನ ನೊಣವೇ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಹಾಗೆ ನೊಣ ಹಿಡಿದರೆ ಎಮ್ಮೆಗೆ ಒಂದಿಷ್ಟು ನೆಮ್ಮದಿ ಸಿಗುತ್ತದೆ, ನಿಜ. ಪುಸ್ತಕದವರು ಅದನ್ನು ತೀರಾ ಚಿಕ್ಕದೆಂದು ಬಿಟ್ಟಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

ಈಗ ಮುತ್ಯಾನ ಹಕ್ಕಿ. ದನದ ಮೇಲೆ ಕೂರುವವು ಎಲ್ಲವೂ ಬೆಳ್ಳಕ್ಕಿ ಅಲ್ಲ. ಕವಲು ಬಾಲದ ಕಪ್ಪು ಕಾಜಾಣ ಬೆನ್ನ ಮೇಲೆ ಕೂತು, ಎದ್ದ ಹುಳುವನ್ನು ಹಾರಿ ಹಿಡಿದು ಮತ್ತೆ ಅಲ್ಲಿಗೇ ಬರುತ್ತದೆ. ಅದರ ಬದುಕೂ ಗೋವಕ್ಕಿಯದರಂತೆಯೇ. ಮೈನಾ ಅಂದರೆ ಗೊರವಂಕ ಮಾತ್ರ ಹುಲ್ಲಿನ ಹುಳುವಿನ ಜೊತೆಗೆ ದನದ ಕಿವಿ, ಕುತ್ತಿಗೆಗಳಿಂದ ಉಣ್ಣಿಯನ್ನೂ ಹೆಕ್ಕುತ್ತದೆ. ಕಾಗೆಯೂ ಹೆಕ್ಕುತ್ತದೆ. ಮುತ್ಯಾ ಕಂಡದ್ದು ಇವುಗಳನ್ನೇ ಆಗಿದ್ದರೆ ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಇದೇ ಕಾಗೆ, ಎತ್ತಿನ ಹೆಗಲ ಮೇಲೆ ನೊಗ ಉಜ್ಜಿ ಗಾಯವಾಗಿದ್ದರೆ ಆ ಗಾಯವನ್ನೇ ಕುಕ್ಕಿ ದೊಡ್ಡದು ಮಾಡುತ್ತದೆ. ದೇವಣಿ ಎತ್ತು ಕಟ್ಟುವ ರೈತರು ಕಾಗೆ ಓಡಿಸುವುದು ಸುಮ್ನೆ ಅಲ್ಲ. ಹಕ್ಕಿ ಅದೇ, ಎತ್ತು ಅದೇ. ಬೆಳಿಗ್ಗೆ ಉಣ್ಣಿ ತೆಗೆದಾಗ ಉಪಕಾರ, ಮಧ್ಯಾಹ್ನ ಗಾಯ ಕುಕ್ಕಿದಾಗ ಉಪದ್ರವ.

ಆಫ್ರಿಕಾದ ಆಕ್ಸ್‌ಪೆಕರ್ ಹಕ್ಕಿಯ ಕಥೆ ಇದಕ್ಕೆ ಬಹಳ ಹತ್ತಿರ. ಮೈನಾಗಳ ದೂರದ ನೆಂಟ ಅದು, ದನ, ಜಿರಾಫೆ, ಘೇಂಡಾಮೃಗಗಳ ಮೈಮೇಲೆಯೇ ದಿನ ಕಳೆಯುತ್ತದೆ. ಉಣ್ಣಿ ತಿನ್ನುತ್ತದೆ, ಆದ್ದರಿಂದ ಮ್ಯೂಚುವಲಿಸಂಗೆ ಅದೇ ಉದಾಹರಣೆ ಎಂದು ಎಷ್ಟೋ ವರ್ಷ ಎಲ್ಲ ಪುಸ್ತಕಗಳೂ ಬರೆದವು. ಪಾಲ್ ವೀಕ್ಸ್ ಎಂಬ ವಿಜ್ಞಾನಿ ಜಿಂಬಾಬ್ವೆಯ ಒಂದು ದನದ ಫಾರ್ಮಿನಲ್ಲಿ ನಾನು ಮೇಲೆ ಹೇಳಿದ ಪರೀಕ್ಷೆಯನ್ನೇ ಮಾಡಿದರು. ಕೆಲವು ಎತ್ತುಗಳ ಹತ್ತಿರ ಹಕ್ಕಿ ಬಾರದಂತೆ ವಾರಗಟ್ಟಲೆ ಕಾದರು, ಉಳಿದ ಎತ್ತುಗಳನ್ನು ಹಾಗೇ ಬಿಟ್ಟರು. 2000ದಲ್ಲಿ ಫಲಿತಾಂಶ ಪ್ರಕಟವಾಯಿತು. ದೊಡ್ಡ ಉಣ್ಣಿಗಳ ಸಂಖ್ಯೆಯಲ್ಲಿ ಎರಡೂ ಗುಂಪಿಗೆ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. ಹಕ್ಕಿ ಇದ್ದ ಎತ್ತುಗಳಲ್ಲಿ ಗಾಯ ಮಾತ್ರ ಬೇಗ ಮಾಯುತ್ತಿರಲಿಲ್ಲ. ಹಕ್ಕಿಗಳು ಗಾಯದ ರಕ್ತ ಕುಡಿಯುತ್ತಿದ್ದವು, ಕಿವಿಯ ಗುಗ್ಗೆ ತಿನ್ನುತ್ತಿದ್ದವು.

ಹಾಗಾದರೆ ಆಕ್ಸ್‌ಪೆಕರ್ ಪರಾವಲಂಬಿಯೇ? ಅಷ್ಟು ಬೇಗ ತೀರ್ಪು ಕೊಡಬೇಡಿ. ಉಣ್ಣಿಯ ಬದುಕನ್ನು ಸ್ವಲ್ಪ ಬಿಡಿಸಿ ನೋಡಿ. ನಮ್ಮ ದನಗಳಲ್ಲಿ ಬಹಳ ಸಾಮಾನ್ಯವಾದ ಒಂದು ಜಾತಿಯ ಉಣ್ಣಿ ಮರಿಯಾಗಿ ದನಕ್ಕೆ ಹತ್ತಿ, ಸುಮಾರು ಮೂರು ವಾರ ಅದೇ ದನದ ಮೇಲೆ ಬೆಳೆಯುತ್ತದೆ. ಮೊದಲ ದಿನಗಳಲ್ಲಿ ಅದು ಕಣ್ಣಿಗೆ ಕಾಣುವುದೇ ಕಷ್ಟ. ಕೊನೆಯ ಒಂದೆರಡು ದಿನ ಹೆಣ್ಣು ಉಣ್ಣಿ ರಕ್ತ ಹೀರಿ ಅಲಸಂದೆ ಕಾಳಿನಷ್ಟು ಉಬ್ಬುತ್ತದೆ, ಹಕ್ಕಿಯ ಕಣ್ಣಿಗೆ ಬೀಳುವುದು ಆಗ. ಅಷ್ಟರಲ್ಲಿ ಈ ಎತ್ತು ಕಳೆದುಕೊಳ್ಳಬೇಕಾದ ರಕ್ತ ಕಳೆದುಕೊಂಡಾಗಿದೆ. ಉಣ್ಣಿ ಜ್ವರದ ರೋಗಾಣುವೂ ಒಳಗೆ ಹೋಗಿರಬಹುದು. ಇದರಿಂದ ಈ ಎತ್ತಿಗೆ ಲಾಭ ಕಡಿಮೆ. ಆದರೆ ಆ ಉಬ್ಬಿದ ಹೆಣ್ಣು ನೆಲಕ್ಕೆ ಬಿದ್ದಿದ್ದರೆ 2000ಕ್ಕೂ ಹೆಚ್ಚು ಮೊಟ್ಟೆ ಇಡುತ್ತಿತ್ತು. ಅದನ್ನು ಹಕ್ಕಿ ತಿಂದರೆ ಮುಂದಿನ ತಿಂಗಳು ಇದೇ ಹುಲ್ಲುಗಾವಲಿಗೆ ಬರುವ ಎಲ್ಲ ದನಗಳಿಗೂ ಉಪಕಾರ. ಕೆಲವೇ ವಾರದ ಪ್ರಯೋಗದಲ್ಲಿ ಆ ಲಾಭ ಪೂರ್ತಿ ಕಾಣಲಾರದು. ದಕ್ಷಿಣ ಆಫ್ರಿಕಾದಿಂದ 2020ರಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆಯೇ ಲಾಭ ತೋರಿಸಿತು: ಮೈಮೇಲೆ ಆಕ್ಸ್‌ಪೆಕರ್ ಇದ್ದ ಕಪ್ಪು ಘೇಂಡಾಮೃಗಗಳು ಹತ್ತಿರ ಬರುವ ಮನುಷ್ಯನನ್ನು ಹೆಚ್ಚು ಸಲ, ಹೆಚ್ಚು ದೂರದಿಂದಲೇ ಗುರುತಿಸಿದವು. ಹಕ್ಕಿಯ ಕೂಗೇ ಅವುಗಳಿಗೆ ಎಚ್ಚರಿಕೆ. ಕಣ್ಣು ಮಂದ ಇರುವ, ಬೇಟೆಗಾರರ ಭಯ ಇರುವ ಪ್ರಾಣಿಗೆ ಅದು ದೊಡ್ಡ ಲಾಭ. ಕಾವಲಿನವರು ಇರುವ ಫಾರ್ಮಿನ ಎತ್ತಿಗೆ ಅದರಿಂದ ಏನೂ ಇಲ್ಲ.

ನಿಮ್ಮ ಪ್ರಶ್ನೆಯ ಮರ್ಮ ಇಲ್ಲೇ ಇದೆ. ಹೆಸರನ್ನು ಹಕ್ಕಿಗೆ ಅಂಟಿಸಿಬಿಟ್ಟರೆ ಗೊಂದಲ ತಪ್ಪಿದ್ದಲ್ಲ. ಯಾವ ಹಕ್ಕಿ, ಯಾವ ಪ್ರಾಣಿಯ ಮೇಲೆ, ಗಾಯ ಇದ್ದಾಗಲೋ ಇಲ್ಲದಾಗಲೋ, ಎಷ್ಟು ದಿನದ ಲೆಕ್ಕ ಎಂದು ಕೇಳಿದ ಮೇಲೆ ಹೆಸರು ಕೊಡಬೇಕು. ಗೋವಕ್ಕಿಯ ವಿಷಯದಲ್ಲಿ ಹೇಗೆ ಕೇಳಿದರೂ ಎಮ್ಮೆಯ ಪಾಲು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಅದಕ್ಕೇ ಅದು ಪುಸ್ತಕದಲ್ಲಿ ಗಟ್ಟಿಯಾಗಿ ಉಳಿದಿದೆ.

ಕ್ಲೀನರ್ ಮೀನಿನ ಪರೀಕ್ಷೆ ಇದಕ್ಕಿಂತ ಚೆನ್ನಾಗಿ ಆಗಿದೆ. ಒಂದು ಮಾತು ಮೊದಲೇ ಹೇಳಬೇಕು. ಮನೆಯ ಅಕ್ವೇರಿಯಂನಲ್ಲಿ ಗಾಜಿಗೆ ಅಂಟಿಕೊಂಡಿರುವ ಸಕ್ಕರ್ ಮೀನನ್ನೂ ನಮ್ಮಲ್ಲಿ ಕ್ಲೀನರ್ ಅನ್ನುತ್ತಾರೆ. ಅದು ಗಾಜಿನ ಮೇಲಿನ ಪಾಚಿ ತಿನ್ನುವ ಮೀನು, ಇಲ್ಲಿಯ ಮಾತಿಗೆ ಸಂಬಂಧ ಇಲ್ಲ. ನಾವು ಮಾತಾಡುತ್ತಿರುವುದು ಸಮುದ್ರದ ಹವಳದ ದಿಬ್ಬಗಳ ಕ್ಲೀನರ್ ರಾಸ್. ಸುಮಾರು ಒಂದು ಬೆರಳುದ್ದ, ಮೈಯುದ್ದಕ್ಕೂ ಕಪ್ಪು ಪಟ್ಟೆ, ಬದಿಯಲ್ಲಿ ಹೊಳೆಯುವ ನೀಲಿ. ನಮ್ಮ ಲಕ್ಷದ್ವೀಪದಲ್ಲೂ ಇದೆ. ಒಂದು ನಿಗದಿ ಜಾಗದಲ್ಲಿ ಅದು ಕಾಯುತ್ತದೆ. ದೊಡ್ಡ ಮೀನುಗಳು ಅಲ್ಲಿಗೆ ಬಂದು ಬಾಯಿ, ಕಿವಿರು ತೆರೆದು ನಿಲ್ಲುತ್ತವೆ. ಇದು ಒಳಗೆ ಹೊಕ್ಕು ರಕ್ತ ಹೀರುವ ಪುಟ್ಟ ಹುಳುಗಳನ್ನು ತಿನ್ನುತ್ತದೆ.

ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದ ಬಳಿ ಅಲೆಕ್ಸಾಂಡ್ರಾ ಗ್ರಟರ್ ಎಂಬ ವಿಜ್ಞಾನಿ ಇದನ್ನು ವರ್ಷಗಟ್ಟಲೆ ಎಣಿಸಿದರು. ಒಂದು ಕ್ಲೀನರ್ ಮೀನು ದಿನಕ್ಕೆ ಸುಮಾರು 1200 ಹುಳು ತಿನ್ನುತ್ತದೆ. ಕೆಲವು ದಿಬ್ಬಗಳಿಂದ ಕ್ಲೀನರ್ ಮೀನುಗಳನ್ನು ತೆಗೆದಾಗ, ಅಲ್ಲಿ ಪಂಜರದಲ್ಲಿಟ್ಟ ಮೀನುಗಳ ಮೈಮೇಲೆ ಒಂದೇ ಹಗಲಿನಲ್ಲಿ ಹುಳುಗಳ ಸಂಖ್ಯೆ ಕ್ಲೀನರ್ ಇದ್ದ ದಿಬ್ಬಗಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಯಿತು. 1999ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಎಂಟೂವರೆ ವರ್ಷ ಕ್ಲೀನರ್ ಇಲ್ಲದೆ ಉಳಿಸಿದ ದಿಬ್ಬಗಳನ್ನು ನೋಡಿದರು. ಅಲ್ಲೇ ನೆಲೆ ನಿಂತ ಮೀನುಗಳು 37 ಶೇಕಡಾ ಕಡಿಮೆ ಇದ್ದವು, ಜಾತಿಗಳು 23 ಶೇಕಡಾ ಕಡಿಮೆ. ಆಕ್ಸ್‌ಪೆಕರ್ ತೆಗೆದರೆ ಎತ್ತಿನ ಉಣ್ಣಿಯ ಲೆಕ್ಕ ಬದಲಾಗಲಿಲ್ಲ. ಕ್ಲೀನರ್ ತೆಗೆದರೆ ದಿಬ್ಬದ ಮೀನಿನ ಲೆಕ್ಕವೇ ಬದಲಾಯಿತು. ಮ್ಯೂಚುವಲಿಸಂ ಎನ್ನಲು ಇಷ್ಟು ಪುರಾವೆ ಬೇಕು.

ಇಷ್ಟಾದರೂ ಕ್ಲೀನರ್ ಮೀನು ಸಾಧು ಅಲ್ಲ. ಹುಳುವಿಗಿಂತ ಅದಕ್ಕೆ ಹೆಚ್ಚು ಇಷ್ಟ ಮೀನಿನ ಮೈಮೇಲಿನ ಲೋಳೆ. ಆ ಲೋಳೆ ಮೀನಿನ ಚರ್ಮವನ್ನು ಕಾಯುವ ಪದರ, ಅದನ್ನು ಕಚ್ಚಿ ತಿಂದರೆ ಅದು ಪಕ್ಕಾ ಪರಾವಲಂಬಿ ಕೆಲಸ. ಹೀಗೆ ಕಚ್ಚಿದಾಗ ದೊಡ್ಡ ಮೀನು ಝುಮ್ಮೆಂದು ನಡುಗುತ್ತದೆ, ಮುಳುಗುಗಾರರಿಗೆ ಅದು ಕಾಣುತ್ತದೆ. ಮೋಸ ಗೊತ್ತಾಗುವುದೂ ಹಾಗೆಯೇ. ದೂರ ದೂರ ಈಜುವ ಮೀನಾದರೆ ಆ ಜಾಗ ಬಿಟ್ಟು ಬೇರೆ ಕ್ಲೀನರ್ ಹತ್ತಿರ ಹೋಗುತ್ತದೆ. ಅಲ್ಲೇ ಇರುವ ಮೀನಿಗೆ ಬೇರೆ ಕ್ಲೀನರ್ ಇಲ್ಲ, ಅದು ಅಟ್ಟಿಸಿಕೊಂಡು ಹೋಗಿ ಬುದ್ಧಿ ಕಲಿಸುತ್ತದೆ. ಗಂಡು ಹೆಣ್ಣು ಜೋಡಿಯಾಗಿ ಕೆಲಸ ಮಾಡುವಾಗ ಹೆಣ್ಣು ಲೋಳೆ ಕಚ್ಚಿದರೆ ಗಂಡೇ ಅದನ್ನು ಅಟ್ಟುತ್ತದೆ. ಗಿರಾಕಿ ಹೋದರೆ ಇಬ್ಬರಿಗೂ ಊಟ ತಪ್ಪುತ್ತದೆ, ಅಲ್ವಾ? ಬೇರೆ ಮೀನನ್ನು ತಿನ್ನುವ ಬೇಟೆಗಾರ ಮೀನಿಗಂತೂ ಮೋಸ ಮಾಡುವುದು ತೀರಾ ಅಪರೂಪ, ಕಾರಣ ಹೇಳಬೇಕಿಲ್ಲ.

ಹಾಗಾಗಿ ಈ ಉಪಕಾರ ಒಳ್ಳೆಯ ಮನಸ್ಸಿನಿಂದ ನಡೆಯುತ್ತಿಲ್ಲ. ದೊಡ್ಡ ಮೀನಿಗೆ ಬಿಟ್ಟುಹೋಗುವ ಅಥವಾ ಅಟ್ಟುವ ಶಕ್ತಿ ಇರುವವರೆಗೆ ಕ್ಲೀನರ್ ನೆಟ್ಟಗಿರುತ್ತದೆ. ನೊಗಕ್ಕೆ ಕಟ್ಟಿದ ಎತ್ತಿಗೆ ಆ ಶಕ್ತಿ ಇಲ್ಲ. ಬಾಲ ಬೀಸಬಹುದು, ತಲೆ ಕೊಡವಬಹುದು, ಹೆಗಲ ಗಾಯದವರೆಗೆ ಎರಡೂ ಮುಟ್ಟುವುದಿಲ್ಲ. ಕಾಗೆ ಅಲ್ಲೇ ಕುಕ್ಕುತ್ತದೆ.

ಇನ್ನು ನಿಮ್ಮ ನಾಯಿ. ಲಾಡಿಹುಳಕ್ಕೆ ಬಾಯಿಲ್ಲ, ಕರುಳಿಲ್ಲ. ತಲೆಯ ಕೊಕ್ಕೆ, ಹೀರುಬಟ್ಟಲುಗಳಿಂದ ನಾಯಿಯ ಸಣ್ಣ ಕರುಳಿಗೆ ಅಂಟಿ, ಕರಗಿದ ಆಹಾರವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಬೆಳೆದ, ಚೆನ್ನಾಗಿ ಉಣ್ಣುವ ನಾಯಿ ನಾಲ್ಕಾರು ಹುಳು ಇಟ್ಟುಕೊಂಡೂ ಆರಾಮಾಗಿ ಇರಬಲ್ಲದು, ಅದು ನಿಜ. ಔಷಧಿ ಕೊಟ್ಟು ಹುಳು ತೆಗೆದರೆ ನಾಯಿಯಲ್ಲಿ ಕಾಣುವ ವ್ಯತ್ಯಾಸ ಬಹಳ ಕಡಿಮೆ. ಬಡಕಲು ಮರಿಗಳಲ್ಲಿ ಹುಳು ಜಾಸ್ತಿಯಾದರೆ ಮಾತ್ರ ಭೇದಿ, ಸೊರಗುವಿಕೆ ಕಾಣುತ್ತದೆ. ನಾಯಿಯೊಂದನ್ನೇ ನೋಡಿದರೆ ಇದು ಕಮೆನ್ಸಲಿಸಂಗೆ ಹತ್ತಿರ ಅನ್ನಿಸುವುದು ಸಹಜ. ಆದರೆ ಹುಳುವಿನ ಬದುಕು ನಾಯಿಯಲ್ಲಿ ಮುಗಿಯುವುದಿಲ್ಲ. ಅರ್ಧ ಬದುಕು ಇನ್ನೊಂದು ಪ್ರಾಣಿಯಲ್ಲಿದೆ, ಸಾಲ ತೀರಿಸುವುದು ಆ ಪ್ರಾಣಿ.

ಯಾದಗಿರಿ ಕಡೆ ಕುರಿ ಹಿಂಡಿನ ಜೊತೆ ನಾಯಿ ಇದ್ದೇ ಇರುತ್ತದೆ. ಟೀನಿಯಾ ಮಲ್ಟಿಸೆಪ್ಸ್ ಎಂಬ ಲಾಡಿಹುಳು ಹೀಗೆ ನಡೆಯುತ್ತದೆ. ನಾಯಿಯ ಕರುಳಿನಲ್ಲಿ ಅದು ಒಂದು ಮೀಟರ್‌ವರೆಗೆ ಬೆಳೆಯಬಲ್ಲದು. ಮೊಟ್ಟೆ ತುಂಬಿದ ತುಂಡುಗಳು ಮಲದ ಜೊತೆ ಹುಲ್ಲಿನ ಮೇಲೆ ಬೀಳುತ್ತವೆ. ಆ ಹುಲ್ಲು ಮೇಯ್ದ ಕುರಿಯ ಹೊಟ್ಟೆಯಲ್ಲಿ ಮೊಟ್ಟೆ ಒಡೆದು, ಮರಿ ರಕ್ತದ ಜೊತೆ ಸಾಗಿ ಮೆದುಳು ಸೇರುತ್ತದೆ. ಅಲ್ಲಿ ತಿಂಗಳುಗಟ್ಟಲೆ ನೀರು ತುಂಬಿದ ಚೀಲವಾಗಿ ಬೆಳೆಯುತ್ತದೆ, ಒಳಗೋಡೆಯ ಮೇಲೆ ಹತ್ತಾರು ಹುಳುತಲೆಗಳು. ಚೀಲ ಒತ್ತಿದಂತೆ ಕುರಿ ತಲೆ ಓರೆ ಮಾಡಿಕೊಂಡು ಒಂದೇ ದಿಕ್ಕಿಗೆ ಸುತ್ತು ಹಾಕುತ್ತದೆ, ಹಿಂಡಿನಿಂದ ಹಿಂದೆ ಬೀಳುತ್ತದೆ, ಒಂದು ಕಣ್ಣು ಕಾಣುವುದಿಲ್ಲ. ಕೆಲವು ಕುರಿಗಳಲ್ಲಿ ತಲೆಬುರುಡೆಯ ಮೂಳೆ ಬೆರಳಿಗೆ ಮೆತ್ತಗೆ ಸಿಗುವಷ್ಟು ತೆಳುವಾಗುತ್ತದೆ. ಕಾಡಿನಲ್ಲಾದರೆ ಹಿಂದೆ ಬಿದ್ದ ಕುರಿ ತೋಳಕ್ಕೆ ಸಿಗುತ್ತದೆ. ಊರಲ್ಲಾದರೆ ಯಜಮಾನ ಅದನ್ನು ಕಡಿದು, ತಲೆಯನ್ನು ನಾಯಿಗೆ ಎಸೆಯುತ್ತಾನೆ. ಮೆದುಳು ತಿಂದ ನಾಯಿಯಲ್ಲಿ ಒಂದೊಂದು ಹುಳುತಲೆಯೂ ಒಂದೊಂದು ಹೊಸ ಲಾಡಿಹುಳು. ಸುಮಾರು ಆರು ವಾರದಲ್ಲಿ ಅದರ ಮೊಟ್ಟೆ ಮತ್ತೆ ಹುಲ್ಲಿನ ಮೇಲೆ.

ಈ ಎರಡು ಮನೆಗಳ ಲೆಕ್ಕವನ್ನು ಒಟ್ಟಿಗೆ ಹಾಕಿ. ನಾಯಿ ಆರಾಮಾಗಿದ್ದು ಊರೆಲ್ಲ ಓಡಾಡಿದರೆ ಮೊಟ್ಟೆ ದೂರ ಹರಡುತ್ತದೆ, ಅದು ಹುಳುವಿಗೆ ಅನುಕೂಲ. ಕುರಿ ದಿಕ್ಕೆಟ್ಟು ಬಿದ್ದರೆ ನಾಯಿಯ ಹೊಟ್ಟೆ ಸೇರುವುದು ಸುಲಭ, ಅದೂ ಹುಳುವಿಗೆ ಅನುಕೂಲ. ಆದ್ದರಿಂದ ನಾಯಿಯ ಆರಾಮವನ್ನು ನೋಡಿ ಹುಳುವಿಗೆ ಒಳ್ಳೆಯ ಹೆಸರು ಕೊಡಲಾಗದು. ಹಂದಿಯ ಲಾಡಿಹುಳುವಿನಲ್ಲಿ ಇದೇ ಲೆಕ್ಕ ಮನುಷ್ಯನ ಮೇಲೆ ಬರುತ್ತದೆ. ಬೆಳೆದ ಹುಳು ಕರುಳಿನಲ್ಲಿದ್ದರೆ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಅದೇ ಹುಳುವಿನ ಮೊಟ್ಟೆ ಕೊಳೆ ಕೈಯಿಂದಲೋ, ತೊಳೆಯದ ಹಸಿ ತರಕಾರಿಯಿಂದಲೋ ಹೊಟ್ಟೆಗೆ ಹೋದರೆ ಮರಿ ಮೆದುಳಿನಲ್ಲಿ ಗೂಡು ಕಟ್ಟಿ ಫಿಟ್ಸ್ ತರುತ್ತದೆ. ಹಂದಿ ಮಾಂಸ ಎಂದೂ ಮುಟ್ಟದವರಿಗೂ ಇದು ಬರುವುದು ಅದಕ್ಕೇ.

ನಿಮ್ಮ ನಾಯಿಯ ಬಾಲದ ಕೆಳಗೆ ಅಕ್ಕಿಕಾಳಿನಂಥ ತುಂಡು ಕಂಡಿದ್ದರೆ ಅದು ಚಿಗಟದಿಂದ ಬರುವ ಬೇರೆ ಲಾಡಿಹುಳು ಇರಬಹುದು, ಅದು ಕುರಿಗೆ ಹೋಗುವುದಿಲ್ಲ. ಆದರೆ ಬರಿಗಣ್ಣಿಗೆ ಜಾತಿ ಹೇಳಲಾಗದು, ಒಂದೇ ನಾಯಿಯಲ್ಲಿ ಎರಡೂ ಇರಬಹುದು. ಪಶು ಆಸ್ಪತ್ರೆಯಲ್ಲಿ ಪ್ರಾಜಿಕ್ವಾಂಟೆಲ್ ಮಾತ್ರೆ ಕೇಳಿ. ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಸಾಮಾನ್ಯ ಪ್ರಮಾಣ, ಅಂದರೆ 20 ಕಿಲೋ ನಾಯಿಗೆ 100 ಮಿಲಿಗ್ರಾಂ. ತೂಕ ಹಾಕಿಸಿ ವೈದ್ಯರೇ ಬರೆದುಕೊಡಲಿ. ಮಾತ್ರೆ ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ, ಅದರ ಮಲವನ್ನು ಸುಡಿ ಅಥವಾ ಆಳವಾಗಿ ಹೂಳಿ. ಹುಳು ಸತ್ತರೂ ಮೊಟ್ಟೆ ಸಾಯುವುದಿಲ್ಲ. ಚಿಗಟಕ್ಕೂ ಔಷಧಿ ಹಾಕದಿದ್ದರೆ ಅಕ್ಕಿಕಾಳು ಮತ್ತೆ ಬರುತ್ತವೆ. ಕುರಿ ಕಡಿದಾಗ ಹಸಿ ತಲೆ, ನೀರುಗುಳ್ಳೆ ಇರುವ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬೇಡಿ ಎಂದು ಮುತ್ಯಾನಿಗೆ ಹೇಳಿ. ಕೊಡಲೇಬೇಕೆಂದರೆ ತಲೆಯನ್ನು ಒಡೆದು ಒಳಗಿನ ಮೆದುಳು ಪೂರ್ತಿ ಬೇಯುವಷ್ಟು ಕುದಿಸಿ ಕೊಡಲಿ. ಮಾತ್ರೆ ಹಾಕಿಯೂ ಹಸಿ ತಲೆ ತಿನ್ನಿಸಿದರೆ ಆರು ವಾರದ ನಂತರ ನಾಯಿ ಮತ್ತೆ ಮೊಟ್ಟೆ ಹರಡಲು ಶುರು ಮಾಡುತ್ತದೆ.